ದೊಡ್ಡವಳಾದ ಮೇಲೆ ಎತ್ತರ ಎಷ್ಟು ಉಳಿದಿರುತ್ತದೆ?

"ಡಾಕ್ಟ್ರೇ, ಮಗಳು ದೊಡ್ಡವಳಾಗಿ ಮೂರು ತಿಂಗಳಾಯ್ತು. ಇನ್ನು ಎತ್ತರ ಬೆಳೀತಾಳಾ?"

ಬೆಳೆಯುತ್ತಾಳೆ, ಆದರೆ ಜಾಸ್ತಿ ಅಲ್ಲ. ಸಾಮಾನ್ಯವಾಗಿ 5ರಿಂದ 7 ಸೆಂ.ಮೀ. ತೀರಾ ಬೇಗ ಮುಟ್ಟಾದವರಿಗೆ ಇನ್ನೂ ಸ್ವಲ್ಪ ಹೆಚ್ಚು, ತಡವಾಗಿ ಆದವರಿಗೆ ಕಡಿಮೆ.

ಹರೆಯ ಎಷ್ಟು ಮುಂದುವರಿದಿದೆ ಎಂದು ತಿಳಿಯಲು ನಾವು ಬಳಸುವುದು ಟ್ಯಾನರ್ ಹಂತಗಳನ್ನು. ಇಂಗ್ಲೆಂಡಿನ ಮಾರ್ಷಲ್ ಮತ್ತು ಟ್ಯಾನರ್ ಹುಡುಗಿಯರ ಬೆಳವಣಿಗೆಯ ವಿವರವನ್ನು 1969ರಲ್ಲಿ, ಹುಡುಗರದ್ದನ್ನು 1970ರಲ್ಲಿ ಪ್ರಕಟಿಸಿದರು. ಹಂತ 1 ಅಂದರೆ ಇನ್ನೂ ಮಗುವಿನ ಮೈ, ಹಂತ 5 ಅಂದರೆ ಪೂರ್ತಿ ಬೆಳೆದ ಮೈ. ಸ್ತನಕ್ಕೂ ಗುಪ್ತಾಂಗದ ಕೂದಲಿಗೂ ಹಂತವನ್ನು ಬೇರೆ ಬೇರೆ ಬರೆಯುತ್ತೇವೆ. ಎರಡೂ ಒಟ್ಟಿಗೇ ಸಾಗಬೇಕೆಂದೇನಿಲ್ಲ.

ಹುಡುಗಿಯರಲ್ಲಿ ಸ್ತನದ ಮೊದಲ ಗಂಟು ಕಂಡರೆ ಹಂತ 2. ಎತ್ತರದ ಜಿಗಿತ ಶುರುವಾಗುವುದು ಆ ಹೊತ್ತಿಗೇ. ಮುಟ್ಟು ಬರುವುದು ಅದಾಗಿ ಸುಮಾರು ಎರಡು, ಎರಡೂವರೆ ವರ್ಷಕ್ಕೆ. ಅಷ್ಟರಲ್ಲಿ ಜೋರಾದ ಬೆಳವಣಿಗೆ ಮುಗಿದಿರುತ್ತದೆ. ಮನೆಯವರು ಲೆಕ್ಕ ಶುರು ಮಾಡುವುದು ಮಾತ್ರ ಮುಟ್ಟಿನಿಂದ!

ಒಂದು ಉದಾಹರಣೆ ನೋಡೋಣ. ಹುಡುಗಿಗೆ 12 ವರ್ಷ, ಎತ್ತರ 148 ಸೆಂ.ಮೀ., ಸ್ತನ ಹಂತ 4, ಮುಟ್ಟಾಗಿ ಮೂರು ತಿಂಗಳು. 5ರಿಂದ 7 ಸೇರಿಸಿದರೆ 153ರಿಂದ 155. ಅಪ್ಪ 168, ಅಮ್ಮ 155 ಇದ್ದರೆ, ಎರಡನ್ನೂ ಕೂಡಿ 13 ಕಳೆದು ಅರ್ಧ ಮಾಡಿ: 155. ಅಂದರೆ ಮನೆತನದ ಎತ್ತರಕ್ಕೆ ಸರಿಯಾಗಿಯೇ ಇದ್ದಾಳೆ. ಪುಡಿ, ಟಾನಿಕ್ ಯಾವುದೂ ಬೇಡ.

ಅದೇ 12 ವರ್ಷದ, ಅದೇ 148 ಸೆಂ.ಮೀ.ನ ಹುಡುಗನ ಕಥೆಯೇ ಬೇರೆ. ಹುಡುಗರಲ್ಲಿ ವೃಷಣದ ಗಾತ್ರ 4 ಮಿ.ಲೀ. ಮುಟ್ಟಿದರೆ ಹರೆಯ ಶುರು. ಗಾತ್ರ ತಿಳಿಯಲು ಮಣಿಸರದಂಥ ಅಳತೆಗೋಲು ಇದೆ. ಜೋರಾದ ಬೆಳವಣಿಗೆ 10–12 ಮಿ.ಲೀ. ಹೊತ್ತಿಗೆ, ಅಂದರೆ ಹುಡುಗಿಯರಿಗಿಂತ ಸುಮಾರು ಎರಡು ವರ್ಷ ತಡ. ಅವನು ಈಗ 5 ಮಿ.ಲೀ.ನಲ್ಲಿದ್ದರೆ ದೊಡ್ಡ ಜಿಗಿತ ಇನ್ನೂ ಮುಂದಿದೆ.

ಎಡವುವುದು ಎರಡು ಕಡೆ. ದಪ್ಪಗಿರುವ ಹುಡುಗಿಯಲ್ಲಿ ಬರೀ ಕೊಬ್ಬು ಸ್ತನದಂತೆ ಕಾಣುತ್ತದೆ. ಸುಮ್ನೆ ನೋಡಿ ಹೇಳಲಾಗುವುದಿಲ್ಲ, ತಾಯಿಯ ಎದುರಲ್ಲಿ, ಮಗುವನ್ನು ಕೇಳಿಯೇ ಮುಟ್ಟಿ ನೋಡಬೇಕು. ಗ್ರಂಥಿ ಇದ್ದರೆ ಗಟ್ಟಿಯಾಗಿ ಸಿಗುತ್ತದೆ. ಇನ್ನೊಂದು, ಕೂದಲು. ಅದು ಅಡ್ರಿನಲ್ ಗ್ರಂಥಿಯ ಹಾರ್ಮೋನಿನಿಂದಲೂ ಬರುತ್ತದೆ. ಕೂದಲೊಂದೇ ಬಂದಿದ್ದರೆ ಎತ್ತರ ಮುಗಿಯುತ್ತಾ ಬಂತು ಅಂತ ಅರ್ಥವಲ್ಲ, ಆದರೆ ಎಳೆ ವಯಸ್ಸಿನಲ್ಲಿ ಬಂದರೆ ತೋರಿಸಲೇಬೇಕು.

ಹಂತಕ್ಕೂ ಎತ್ತರಕ್ಕೂ ತಾಳೆಯಾಗದಿದ್ದರೆ ಎಡಗೈ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುತ್ತೇವೆ. ಮೂಳೆ ತುದಿಯ ಬೆಳೆಯುವ ಭಾಗ ಕೂಡಿಕೊಂಡಿದ್ದರೆ ಔಷಧಿಯಿಂದ ಎತ್ತರ ಬರುವುದಿಲ್ಲ. ಅದಕ್ಕೇ ಹುಡುಗಿಗೆ 8 ವರ್ಷಕ್ಕೆ ಮೊದಲು ಸ್ತನದ ಗಂಟು ಕಂಡರೆ, ಹುಡುಗನಿಗೆ 9ಕ್ಕೆ ಮೊದಲು ಹರೆಯದ ಗುರುತು ಕಂಡರೆ, ಆಗಲೇ ಬನ್ನಿ.