ಮೂರು ಮೂಲಗಳ ಟಿಪ್ಪಣಿಯನ್ನು ಒಂದಾಗಿಸುವ ಕೆಲಸ: ಜಿಯೊಮೆಟ್ರಿಕ್ ವಿತರಣೆಯವರೆಗಿನ ದಾಖಲೆ

ಸೋಮವಾರ

ಸಂಭವನೀಯತೆಯ ಪತ್ರಿಕೆಗಾಗಿ ತರಗತಿಯ ಟಿಪ್ಪಣಿ, ಪಠ್ಯಪುಸ್ತಕ ಮತ್ತು ಟ್ಯುಟೋರಿಯಲ್ ಹಾಳೆಗಳನ್ನು ಒಂದೇ ಕಡತವಾಗಿ ಬರೆಯುವ ಕೆಲಸ ಈಗ ಜಿಯೊಮೆಟ್ರಿಕ್ ವಿತರಣೆಗೆ ಬಂದು ನಿಂತಿದೆ. ಪುಣೆಯ ಕರ್ವೆನಗರದ ನಮ್ಮ ಕೋಣೆಯಲ್ಲಿ ಈ ಕಡತವನ್ನು ಬಳಸುವವರು ಇಬ್ಬರು: ಎಂ.ಎಸ್ಸಿ. ಓದುತ್ತಿರುವ ನಾನು ಮತ್ತು ಬೆಳಗಾವಿಯಿಂದ ಬಂದು ಬಿ.ಎಸ್ಸಿ. ಮಾಡುತ್ತಿರುವ ನನ್ನ ಕೋಣೆಯ ಗೆಳತಿ. ಹಿಂದಿನ ಅಧ್ಯಾಯಗಳಲ್ಲಿ ಮೂರೂ ಮೂಲಗಳು ಬಹುಮಟ್ಟಿಗೆ ಒಂದನ್ನೇ ಹೇಳುತ್ತಿದ್ದುದರಿಂದ ಕೆಲಸ ಬೇಗ ಸಾಗಿತ್ತು. ಇಲ್ಲಿ ಮಾತ್ರ ಸರಾಸರಿ ಎಷ್ಟು ಎಂಬ ಮೊದಲ ಸಾಲಿನಲ್ಲೇ ಭಿನ್ನಾಭಿಪ್ರಾಯವಿದೆ. ತರಗತಿಯ ಟಿಪ್ಪಣಿ 1/p ಎನ್ನುತ್ತದೆ; ಪಠ್ಯಪುಸ್ತಕವೂ ಟ್ಯುಟೋರಿಯಲ್ ಹಾಳೆಯ ತಲೆಭಾಗದ ಸೂತ್ರಪಟ್ಟಿಯೂ q/p ಎನ್ನುತ್ತವೆ (q = 1 − p).

ಯಾವುದು ಸರಿ ಎಂದು ಕೇಳುವುದಕ್ಕಿಂತ ಮೊದಲು ಪ್ರತಿಯೊಂದು ಮೂಲವೂ ಏನನ್ನು ಎಣಿಸುತ್ತಿದೆ ಎಂದು ನೋಡಬೇಕಾಯಿತು. ತರಗತಿಯಲ್ಲಿ X ಎಂದರೆ ಮೊದಲ ಯಶಸ್ಸು ಬರುವವರೆಗಿನ ಒಟ್ಟು ಪ್ರಯತ್ನಗಳು, ಆದ್ದರಿಂದ ಅದರ ಬೆಲೆ 1ರಿಂದ ಆರಂಭ. ಪುಸ್ತಕದಲ್ಲಿ ಅದು ಯಶಸ್ಸಿಗಿಂತ ಮುಂಚಿನ ವಿಫಲತೆಗಳ ಸಂಖ್ಯೆ, ಅಂದರೆ 0ಯಿಂದ ಆರಂಭ. ಕಡತದಲ್ಲಿ ಎರಡಕ್ಕೂ ಒಂದೇ ಅಕ್ಷರ ಇರಬಾರದೆಂದು ಎರಡನೆಯದನ್ನು Y ಎಂದು ಕರೆದಿದ್ದೇನೆ. ಆಗ X = Y + 1 ಎಂಬ ಒಂದು ಸಾಲು ಸರಾಸರಿಯ ಜಗಳವನ್ನು ಮುಗಿಸುತ್ತದೆ. ದಾಳದಲ್ಲಿ ಆರು ಬೀಳುವವರೆಗೆ ಎಸೆದರೆ p = 1/6; ಸರಾಸರಿ 6 ಎಸೆತ, ಅಥವಾ ಸರಾಸರಿ 5 ವಿಫಲತೆ. ಎರಡೂ ಸರಿ.

ಮಂಗಳವಾರ

ಇಂದಿನ ವಿಷಯ ವೇರಿಯನ್ಸ್. ಟಿಪ್ಪಣಿಯಲ್ಲಿ q/p², ಪುಸ್ತಕದಲ್ಲಿ q/p², ಟ್ಯುಟೋರಿಯಲ್‌ನ ಸೂತ್ರಪಟ್ಟಿಯಲ್ಲಿ q/p. ನಿನ್ನೆಯ ಅನುಭವದಿಂದ ಇದೂ ವ್ಯಾಖ್ಯೆಯ ವ್ಯತ್ಯಾಸವೇ ಇರಬಹುದೆಂದು ಬಿಟ್ಟುಬಿಡುವ ಮನಸ್ಸಾಗುತ್ತದೆ, ಆದರೆ ಹಾಗೆ ಬಿಡುವಂತಿಲ್ಲ. Xಗೂ Yಗೂ ಇರುವ ಅಂತರ ಒಂದು ಸ್ಥಿರಸಂಖ್ಯೆ, ಮತ್ತು ಸ್ಥಿರಸಂಖ್ಯೆಯನ್ನು ಕೂಡಿಸಿದರೆ ವೇರಿಯನ್ಸ್ ಬದಲಾಗುವುದಿಲ್ಲ. ಆದ್ದರಿಂದ ಎಣಿಕೆ ಎಲ್ಲಿಂದ ಆರಂಭವಾದರೂ ವೇರಿಯನ್ಸ್ ಒಂದೇ ಇರಬೇಕು. ಇಲ್ಲಿ ಎರಡು ಉತ್ತರಗಳಿದ್ದರೆ ಒಂದು ತಪ್ಪೇ. ದಾಳದ ಉದಾಹರಣೆಯಲ್ಲಿ ಸರಿಯಾದ ಬೆಲೆ 30, ಹಾಳೆಯ ಸೂತ್ರದಿಂದ ಬರುವುದು 5. ಟೈಪ್ ಮಾಡುವಾಗ ವರ್ಗದ ಚಿಹ್ನೆ ಬಿಟ್ಟುಹೋಗಿರುವ ಸಾಧ್ಯತೆಯೇ ಹೆಚ್ಚು. ಸರಾಸರಿಯೂ ವೇರಿಯನ್ಸೂ ಸಮವಾಗಿ ಕಾಣುವುದರಿಂದ ಪ್ವಾಸಾನ್ ವಿತರಣೆಯನ್ನು ಆಗತಾನೇ ಓದಿ ಮುಗಿಸಿದವರಿಗೆ ಇದು ಸಹಜವೆಂದೇ ತೋರುತ್ತದೆ, ಅದೇ ಇದರ ಅಪಾಯ.

ಪರೀಕ್ಷಿಸಲು ಯಾವ p ಬೆಲೆಯನ್ನು ಆರಿಸುತ್ತೇವೆ ಎಂಬುದೂ ಮುಖ್ಯ. p = 1 ಇಟ್ಟು ನೋಡಿದರೆ ಎರಡೂ ಸೂತ್ರಗಳು 0 ಕೊಡುತ್ತವೆ, ತಪ್ಪು ಹೊರಬೀಳುವುದೇ ಇಲ್ಲ. p = 1/2 ಇಟ್ಟರೆ ಒಂದು 2 ಕೊಡುತ್ತದೆ, ಇನ್ನೊಂದು 1. ಕಡತದಲ್ಲಿ q/p² ಎಂದು ಬರೆದು, ಹಾಳೆಯ ಸಾಲು ತಿದ್ದಬೇಕಾದದ್ದೆಂದು ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದೇನೆ. ಮೂರರಲ್ಲಿ ಎರಡು ಮೂಲಗಳು ಹಾಗೆ ಹೇಳುತ್ತವೆ ಎಂಬುದು ಇದಕ್ಕೆ ಕಾರಣವಲ್ಲ. ಸರಾಸರಿಯ ವಿಷಯದಲ್ಲಿ ಬಹುಮತವನ್ನು ನಂಬಿದ್ದರೆ ಅಧ್ಯಾಪಕರ 1/p ಸುಮ್ಮನೆ ಅಳಿಸಿಹೋಗುತ್ತಿತ್ತು.

ಗುರುವಾರ

ಸಂಜೆ ಗೆಳತಿ ಹಾಳೆಯನ್ನು ಮುಂದಿಟ್ಟು, "ಅಕ್ಕಾ, ಇಲ್ಲಿ ಉತ್ತರಾನ ತಪ್ಪು ಛಾಪಿಸ್ಯಾರ ನೋಡ್ರಿ" ಎಂದಳು. ಪ್ರಶ್ನೆ ಹೀಗಿದೆ: ಆರು ಬೀಳುವ ಮೊದಲು ನಾಲ್ಕಕ್ಕಿಂತ ಹೆಚ್ಚು ವಿಫಲತೆಗಳಾಗಿವೆ ಎಂದು ಗೊತ್ತಿದ್ದರೆ, ವಿಫಲತೆಗಳು ಆರಕ್ಕಿಂತ ಹೆಚ್ಚಾಗುವ ಸಂಭವನೀಯತೆ ಎಷ್ಟು? ಹಾಳೆಯ ಉತ್ತರ 25/36. ಅವಳು ತರಗತಿಯ ಟಿಪ್ಪಣಿಯಲ್ಲಿರುವ ಸ್ಮೃತಿರಹಿತ ಗುಣವನ್ನು, ಅಂದರೆ P(X > m + n | X > m) = P(X > n) ಎಂಬುದನ್ನು ಬಳಸಿ, "ಎರಡಕ್ಕಿಂತ ಹೆಚ್ಚು ವಿಫಲತೆ" ಎಂಬುದರ ಸಂಭವನೀಯತೆ ಪುಸ್ತಕದ ಪ್ರಕಾರ q³ ಆಗುವುದರಿಂದ 125/216 ಪಡೆದಿದ್ದಳು.

ಮೂರು ಮೂಲಗಳನ್ನು ಬೆಸೆಯುವಾಗ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ, ಏಕೆಂದರೆ ಇಲ್ಲಿ ಯಾವ ಮೂಲದಲ್ಲೂ ತಪ್ಪಿಲ್ಲ. P(X > k) = q^k, ಆದರೆ P(Y > k) = q^(k+1). ಹಾಗಾಗಿ P(Y > 6 | Y > 4) ಎಂದರೆ q⁷ ಭಾಗಿಸು q⁵, ಅಂದರೆ q² = 25/36. ಹಾಳೆಯ ಉತ್ತರ ಸರಿ. ಇದನ್ನೇ ಎಸೆತಗಳ ಭಾಷೆಗೆ ತಂದರೆ P(X > 7 | X > 5) = P(X > 2) = q², ಅದೂ 25/36; ತರಗತಿಯ ಸೂತ್ರವೂ ಸರಿ. ಆ ಸೂತ್ರವನ್ನು Yಗೆ ಇದ್ದಂತೆಯೇ ಹೊಂದಿಸಿದರೆ ಮಾತ್ರ ಸುಳ್ಳಾಗುತ್ತದೆ; Yಗೆ ಬೇಕಾದ ರೂಪ P(Y ≥ m + n | Y ≥ m) = P(Y ≥ n). ಕಡತದಲ್ಲಿ ಈಗ ಎರಡೂ ರೂಪಗಳು ಅಕ್ಕಪಕ್ಕದಲ್ಲಿವೆ, ಪ್ರತಿ ಸೂತ್ರದ ಮುಂದೆ X ಅಥವಾ Y ಎಂಬ ಗುರುತು ಕಡ್ಡಾಯವಾಗಿದೆ, ಮತ್ತು ಗುರುತಿಲ್ಲದ ಸಾಲನ್ನು ಯಾವ ಮೂಲದಿಂದಲೂ ನಕಲು ಮಾಡುವುದಿಲ್ಲ.

ಶುಕ್ರವಾರ

ಮುಖ್ಯ ಪಾಠವನ್ನು Xನಲ್ಲಿಯೇ ಬರೆಯುವುದೆಂದು ತೀರ್ಮಾನಿಸಿದ್ದೇನೆ, ಏಕೆಂದರೆ ಪ್ರಶ್ನೆಪತ್ರಿಕೆ ತೆಗೆಯುವವರು ತರಗತಿ ತೆಗೆದುಕೊಳ್ಳುವವರೇ. ಇದಕ್ಕೆ ಅಡ್ಡಬರುವುದು ಪ್ರಾಯೋಗಿಕ ಪರೀಕ್ಷೆ: ಆರ್ ತಂತ್ರಾಂಶದ `dgeom` ವಿಫಲತೆಗಳನ್ನು ಎಣಿಸುತ್ತದೆ. ಮೂರನೆಯ ಎಸೆತದಲ್ಲಿ ಮೊದಲ ಬಾರಿಗೆ ಆರು ಬೀಳುವ ಸಂಭವನೀಯತೆ 25/216 ಎಂದು ಕೈಯಿಂದ ಲೆಕ್ಕ ಹಾಕಿ ಯಂತ್ರದಲ್ಲಿ 3 ಎಂದು ಕೊಟ್ಟರೆ ಹೀಗೆ ಆಗುತ್ತದೆ:

```
> dgeom(3, 1/6)
[1] 0.09645062
> dgeom(2, 1/6)
[1] 0.1157407
```

ಬೇಕಾದದ್ದು ಎರಡನೆಯದು. ಪೈಥಾನ್ ಬಳಸುವವರಿಗೆ ಇದು ತಿರುಗುಮುರುಗು. `scipy.stats.geom` ಪ್ರಯತ್ನಗಳನ್ನೇ ಎಣಿಸುತ್ತದೆ, ಅಲ್ಲಿ 3 ಎಂದೇ ಕೊಡಬೇಕು. ಪ್ರಾಯೋಗಿಕದ ಪುಟದ ಮೇಲ್ತುದಿಯಲ್ಲಿ ಈ ಎರಡು ಸಾಲುಗಳನ್ನು ಚೌಕಟ್ಟಿನೊಳಗೆ ಇಟ್ಟಿದ್ದೇನೆ.

ಶನಿವಾರ

ಎಕ್ಸ್‌ಪೊನೆನ್ಶಿಯಲ್ ವಿತರಣೆಯ ಭಾಗ ಬೇಗ ಮುಗಿಯಿತು. ತರಗತಿಯಲ್ಲಿ λ ಎಂದರೆ ದರ, ಪುಸ್ತಕದಲ್ಲಿ θ ಎಂದರೆ ಸರಾಸರಿ, ಟ್ಯುಟೋರಿಯಲ್‌ನಲ್ಲಿ "ನಿಯತಾಂಕ 4" ಎಂದಷ್ಟೇ ಇದೆ. ಹೀಗೆ ಮೂಲವೇ ಮೌನವಾಗಿರುವಾಗ ಮುದ್ರಿತ ಉತ್ತರದಿಂದ ಹಿಂದಕ್ಕೆ ಹೋಗಬಹುದು. P(X > 2)ಕ್ಕೆ ಅಲ್ಲಿ 0.6065 ಎಂದಿದೆ, ಅದು e^(−1/2). ಆದ್ದರಿಂದ 4 ಎಂಬುದು ಸರಾಸರಿ. ದರವಾಗಿದ್ದರೆ e^(−8) ಬಂದು ಉತ್ತರ 0.0003ರ ಆಸುಪಾಸಿನಲ್ಲಿರುತ್ತಿತ್ತು. ಆದರೆ ಈ ಉಪಾಯಕ್ಕೆ ಮುದ್ರಿತ ಉತ್ತರವೇ ಸರಿಯಿರಬೇಕು, ಮತ್ತು ವೇರಿಯನ್ಸ್‌ನ ಸಾಲಿನ ನಂತರ ಆ ಹಾಳೆಯನ್ನು ಅಷ್ಟು ಸಲೀಸಾಗಿ ನಂಬುವಂತಿಲ್ಲ. ಅದೇ ಹಾಳೆಯ ಇನ್ನೊಂದು ಪ್ರಶ್ನೆಯಲ್ಲಿಯೂ ಸರಾಸರಿ ಎಂಬ ಅರ್ಥವೇ ಉತ್ತರಕ್ಕೆ ಹೊಂದಿದ್ದರಿಂದ ಅದನ್ನು ಖಚಿತವೆಂದು ಸೇರಿಸಿದೆ.

ಮುಂದಿನದು ನೆಗೆಟಿವ್ ಬೈನಾಮಿಯಲ್. r ಯಶಸ್ಸುಗಳವರೆಗೆ ಎಣಿಸುವಾಗ ಎರಡು ವ್ಯಾಖ್ಯೆಗಳ ಅಂತರ 1 ಅಲ್ಲ, r. ಸರಾಸರಿ ಒಂದು ಕಡೆ r/p, ಇನ್ನೊಂದು ಕಡೆ rq/p, ವೇರಿಯನ್ಸ್ ಎರಡೂ ಕಡೆ rq/p². ಹಾಳೆಯ ಸೂತ್ರಪಟ್ಟಿಯಲ್ಲಿ ಇದರ ಸಾಲಿನಲ್ಲಿಯೂ ವರ್ಗದ ಚಿಹ್ನೆ ಕಾಣುತ್ತಿಲ್ಲ. ಆದ್ದರಿಂದ ಎರಡೂ ಸಾಲುಗಳನ್ನು ಒಟ್ಟಿಗೆ ಬರೆದುಕೊಂಡು, ದಾಳದ 30 ಮತ್ತು 5ರ ಲೆಕ್ಕವನ್ನು ಜೊತೆಗಿಟ್ಟು ಸೋಮವಾರ ಅಧ್ಯಾಪಕರಿಗೆ ತೋರಿಸುತ್ತೇನೆ. ಅವರು ನೋಡಿದ ನಂತರವೇ ಈ ಪುಟಗಳು ಝೆರಾಕ್ಸ್‌ಗೆ ಹೋಗುತ್ತವೆ.