ಸ್ಲೈಡ್ ರೆಡಿ ಇದೆ, ಓದಿಸಿಬಿಡಿ ಅಂದರೆ ವಿಡಿಯೊ ಆಗಲ್ಲ

ಕಳೆದ ವಾರ ಒಂದು ಬ್ಯಾಂಕಿನ ಗ್ರಾಹಕ ಜಾಗೃತಿ ಕೆಲಸಕ್ಕೆ ಮೇಲಿನಿಂದ ಬಂದ ಬ್ರೀಫ್ ಇಷ್ಟೇ: "ಕ್ಯಾರೊಸೆಲ್ ಅಪ್ರೂವ್ ಆಗಿದೆ, ಎಂಟು ಸ್ಲೈಡ್, ಅದನ್ನೇ ವಾಯ್ಸ್ ಓವರ್ ಮಾಡಿಸಿ 45 ಸೆಕೆಂಡ್‌ನ ರೀಲ್ ಕೊಡಿ." ಕ್ಯಾರೊಸೆಲ್ ಅಂದರೆ ಬೆರಳಿಂದ ಸರಿಸಿ ಒಂದೊಂದೇ ಸ್ಲೈಡ್ ಓದುವ ಪೋಸ್ಟ್. ವಿಷಯ ಯುಪಿಐ ಕ್ಯೂಆರ್ ವಂಚನೆ. ಸ್ಲೈಡಿನಲ್ಲಿದ್ದದ್ದನ್ನು ಇದ್ದ ಹಾಗೇ ಫೋನಿನಲ್ಲಿ ಓದಿ ಅಳತೆಗೆಂದು ಕಚ್ಚಾ ಸ್ಕ್ರ್ಯಾಚ್ ಟ್ರ್ಯಾಕ್ ಹಾಕಿದಾಗ ಎರಡು ನಿಮಿಷದ ಹತ್ತಿರ ಬಂತು. ಆಮೇಲೆ ಎಲ್ಲ ಕಡೆ ಕೇಳಿಬರುವ ಮಾತೇ ಬಂತು, "ಸ್ವಲ್ಪ ಸ್ಪೀಡ್ ಮಾಡಿ." ಸಂಜೆ ಅಪ್‌ಲೋಡ್ ಇಟ್ಟುಕೊಂಡು ಓದುವ ವೇಗ ಏರಿಸುವುದು ಎಲ್ಲಕ್ಕಿಂತ ಕೆಟ್ಟ ದಾರಿ. ಕ್ಯಾರೊಸೆಲ್ ನೋಡುವವರು ಅರ್ಥವಾಗದಿದ್ದರೆ ಸ್ಲೈಡಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದುತ್ತಾರೆ. ಕಿವಿಗೆ ಆ ಅವಕಾಶವಿಲ್ಲ. ಒಂದು ಮಾತು ತಪ್ಪಿಹೋದರೆ ಜನ ಹಿಂದಕ್ಕೆ ಹೋಗುವುದಿಲ್ಲ, ಮುಂದಿನ ವಿಡಿಯೊಗೆ ಹೋಗುತ್ತಾರೆ.

ಮೊದಲು ಲೆಕ್ಕ. ಕನ್ನಡದಲ್ಲಿ ಪದ ಎಣಿಸಿ ಪ್ರಯೋಜನವಿಲ್ಲ, "ಕಡಿತಗೊಳ್ಳುತ್ತದೆ" ಅನ್ನುವುದೂ ಒಂದೇ ಪದ, "ಪಿನ್" ಕೂಡ ಒಂದೇ ಪದ. ಉಚ್ಚಾರವಾಗುವ ಅಕ್ಷರ ಎಣಿಸಬೇಕು. ಕೇಳುವವರಿಗೆ ದಕ್ಕುವ ಹಾಗೆ ಓದಿದರೆ ಸೆಕೆಂಡಿಗೆ ಐದರಿಂದ ಆರು ಅಕ್ಷರ ಹೋಗುತ್ತದೆ. ಉಸಿರು, ಬಿಡುವು ಕಳೆದರೆ 45 ಸೆಕೆಂಡಿಗೆ ಇನ್ನೂರು ಅಕ್ಷರ ಹಿಡಿಸುತ್ತದೆ ಅಂದುಕೊಳ್ಳಿ. ಈ ಮಿತಿ ಕೈಯಲ್ಲಿದ್ದರೆ "ಇದನ್ನೂ ಸೇರಿಸಿ" ಅಂದವರಿಗೆ "ಹಾಗಾದರೆ ಯಾವುದು ತೆಗೆಯಲಿ" ಅಂತ ಕೇಳಬಹುದು.

ಆಮೇಲೆ ಪ್ರತಿ ಸಾಲನ್ನೂ ಶೀಟಿನಲ್ಲಿ ಹಾಕಿ ಎದುರಿಗೆ ನಾಲ್ಕರಲ್ಲಿ ಒಂದು ಬರೆಯಬೇಕು: ಕಣ್ಣಿಗೆ, ಕಿವಿಗೆ, ಎರಡಕ್ಕೂ, ಬೇಡ. ಬೇಡ ಅನ್ನುವುದು ಸುಲಭ. "ನಿಮಗಿದು ಗೊತ್ತೇ?", "ಸ್ವೈಪ್ ಮಾಡಿ", "ಮುಂದಿನ ಸ್ಲೈಡ್‌ನಲ್ಲಿ ನೋಡಿ", "5 ಮಾರ್ಗಗಳು" ಇವೆಲ್ಲ ಬೆರಳನ್ನು ಮುಂದಕ್ಕೆ ತಳ್ಳಲು ಹುಟ್ಟಿದ ಸಾಲುಗಳು, ವಿಡಿಯೊದಲ್ಲಿ ಅವಕ್ಕೆ ಕೆಲಸವಿಲ್ಲ. ಮಾರ್ಗ ಐದು ಅಂತ ಹೇಳಿಬಿಟ್ಟರೆ ಐದನ್ನೂ ಹೇಳಬೇಕಾಗುತ್ತದೆ, ಅದೊಂದು ಬಲೆ. ಆರನೇ ಸ್ಲೈಡಿನಲ್ಲಿದ್ದ "ನಾವು ಮೇಲೆ ಹೇಳಿದಂತೆ" ಕೂಡ ಹೋಯಿತು, ವಿಡಿಯೊದಲ್ಲಿ ಮೇಲೆ ಅನ್ನುವುದೇ ಇಲ್ಲ.

ಹಳೆಯ ಕ್ಯಾರೊಸೆಲ್ ಆದರೆ ಇದೇ ಹಂತದಲ್ಲಿ ಸಂಗತಿಯನ್ನೂ ನೋಡಬೇಕು. ಐದನೇ ಸ್ಲೈಡ್ ಪೂರ್ತಿ ಕಲೆಕ್ಟ್ ರಿಕ್ವೆಸ್ಟ್, ಅಂದರೆ ದುಡ್ಡು ಕೊಡಿ ಅಂತ ಆ್ಯಪ್‌ನಲ್ಲೇ ಕಳಿಸುವ ಕೋರಿಕೆಯ ಮೋಸದ ಬಗ್ಗೆ ಇತ್ತು. ವ್ಯಕ್ತಿಯಿಂದ ವ್ಯಕ್ತಿಗೆ ಕಲೆಕ್ಟ್ ರಿಕ್ವೆಸ್ಟ್ ಕಳಿಸುವುದನ್ನು ಯುಪಿಐ ನಡೆಸುವ ಎನ್‌ಪಿಸಿಐ 2025ರ ಅಕ್ಟೋಬರ್‌ನಿಂದ ನಿಲ್ಲಿಸಿದೆ. ಹಿಂದೆ ಅಪ್ರೂವ್ ಆಗಿದೆ ಅನ್ನುವ ಧೈರ್ಯದ ಮೇಲೆ ಅದನ್ನು ಮತ್ತೆ ದನಿಯಲ್ಲಿ ಹೇಳಿಸಿದ್ದರೆ ಬ್ಯಾಂಕಿನ ಹೆಸರಲ್ಲಿ ಹಳಸಿದ ಮಾಹಿತಿ ಹೋಗುತ್ತಿತ್ತು.

ನಿಜವಾದ ಕಷ್ಟ ಕಿವಿಗೆ ಹೋಗುವ, ಆದರೆ ಬೇರೆ ಥರ ಹೇಳಬೇಕಾದ ಸಾಲುಗಳಲ್ಲಿದೆ. ಮೂರನೇ ಸ್ಲೈಡ್ ಹೀಗಿತ್ತು:

"ಅಪರಿಚಿತರು ಕಳುಹಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ನಮೂದಿಸಿದಲ್ಲಿ ಖಾತೆಗೆ ಹಣ ಜಮೆಯಾಗುವ ಬದಲು ಖಾತೆಯಿಂದಲೇ ಹಣ ಕಡಿತಗೊಳ್ಳುತ್ತದೆ."

ಓದಲು ತೊಂದರೆಯಿಲ್ಲ. ಕೇಳಲು ಕಷ್ಟ, ಯಾಕೆಂದರೆ ನಮ್ಮ ಕ್ರಿಯಾಪದ ಕೊನೆಗೆ ಬರುತ್ತದೆ. ದುಡ್ಡು ಏನಾಯಿತು ಅನ್ನುವುದು ತಿಳಿಯಲು ಕೇಳುವವರು ಐವತ್ತು ಅಕ್ಷರ ತಲೆಯಲ್ಲಿ ಹೊತ್ತುಕೊಂಡು ಕಾಯಬೇಕು. ನಡುವೆ "ಖಾತೆಗೆ ಹಣ ಜಮೆ" ಅನ್ನುವುದೊಂದೇ ಕಿವಿಗೆ ಬಿದ್ದರೆ ಅರ್ಥ ತಿರುಗಾಮುರುಗಾ. ಅದನ್ನು ಒಡೆದು ಹೀಗೆ ಮಾಡಿದೆವು:

"ಅವರು ಕ್ಯೂಆರ್ ಕಳಿಸ್ತಾರೆ. ಸ್ಕ್ಯಾನ್ ಮಾಡಿ, ಪಿನ್ ಹಾಕಿ ಅಂತಾರೆ. ಹಾಕಿದ್ರೆ ದುಡ್ಡು ಬರಲ್ಲ. ನಿಮ್ಮ ದುಡ್ಡೇ ಹೋಗುತ್ತೆ."

ಅಕ್ಷರ ಮೂವತ್ಮೂರಕ್ಕೆ ಇಳಿಯಿತು. ಆದರೂ ಸಮಯ ಹೆಚ್ಚೇನೂ ಉಳಿಯಲಿಲ್ಲ, ಪ್ರತಿ ವಾಕ್ಯದ ಕೊನೆಗೆ ಬಿಡುವು ಬೇಕು. ಆ ಬಿಡುವನ್ನು ಕತ್ತರಿಸಬಾರದು, ಅರ್ಥವಾಗುವುದು ಅಲ್ಲೇ. ಎಡಿಟರ್‌ಗಳು ಟೈಮ್‌ಲೈನ್ ಬಿಗಿ ಮಾಡುವಾಗ ಮೊದಲು ಕೈಹಾಕುವುದೂ ಅಲ್ಲಿಗೇ.

ಬ್ಯಾಂಕಿನವರ ತಕರಾರು ನಿರೀಕ್ಷಿಸಿದ್ದೇ: "ಕಳಿಸ್ತಾರೆ, ಅಂತಾರೆ ಎಲ್ಲ ನಮ್ಮ ಗೌರವಕ್ಕೆ ತಕ್ಕದ್ದಲ್ಲ." ಗ್ರಂಥಸ್ಥ ಕನ್ನಡಕ್ಕೂ ಆಡುಮಾತಿಗೂ ನಡುವೆ ಒಂದು ದಾರಿ ಇದೆ. "ಕಳಿಸುತ್ತಾರೆ" ಅಂತ ಸ್ಕ್ರಿಪ್ಟಿನಲ್ಲಿ ಬರೆದು, ಓದುವವರು "ಕಳಿಸ್ತಾರೆ" ಅನ್ನುವಷ್ಟು ಸಡಿಲ ಕೊಡುವುದು. ಆದರೆ "ನಮೂದಿಸಿದಲ್ಲಿ", "ಕಡಿತಗೊಳ್ಳುತ್ತದೆ" ಇವನ್ನು ಎಷ್ಟು ಸಡಿಲವಾಗಿ ಓದಿದರೂ ನೋಟಿಸ್ ಬೋರ್ಡ್ ವಾಸನೆ ಹೋಗುವುದಿಲ್ಲ. ಅವು ಬದಲಾಗಲೇಬೇಕು.

ಪರದೆಯ ಮೇಲೆ ಹಳೆಯ ಉದ್ದ ವಾಕ್ಯ ಬಿಟ್ಟು ದನಿಯಲ್ಲಿ ಹೊಸ ವಾಕ್ಯ ಹೇಳಿಸುವುದು ಇನ್ನೊಂದು ಅನಾಹುತ. ಕಣ್ಣು ಒಂದನ್ನು ಓದುತ್ತದೆ, ಕಿವಿ ಇನ್ನೊಂದನ್ನು ಕೇಳುತ್ತದೆ, ಎರಡೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಪರದೆಯ ಮೇಲೆ ಮೂರು ನಾಲ್ಕು ಪದ ಇರಲಿ, ಅವು ದನಿಯಲ್ಲಿ ಬರುವ ಪದಗಳೇ ಆಗಿರಲಿ: "ಪಿನ್ ಹಾಕಿದ್ರೆ ದುಡ್ಡು ಹೋಗುತ್ತೆ." ಕೆಳಗೆ ಕ್ಯಾಪ್ಷನ್ ಓಡಿಸುವುದಾದರೆ ಇದೂ ಬೇಡ, ಕ್ಯೂಆರ್ ಚಿತ್ರ ಒಂದೇ ಸಾಕು.

ಅಂಕಿಗಳದ್ದು ಬೇರೆ ಕಥೆ. ಸ್ಲೈಡಿನಲ್ಲಿ 1930 ಅಂತ ಇದೆ, ಸೈಬರ್ ವಂಚನೆ ಸಹಾಯವಾಣಿ. ವಾಯ್ಸ್ ಕಲಾವಿದೆ ಅದನ್ನು "ಸಾವಿರದ ಒಂಬೈನೂರ ಮೂವತ್ತು" ಅಂತ ಓದಿದರು. ಇಸವಿಯ ಹಾಗೆ ಕೇಳಿಸಿತು, ಡಯಲ್ ಮಾಡುವ ನಂಬರ್ ಅನಿಸಲಿಲ್ಲ. ತಪ್ಪು ಅವರದಲ್ಲ, ಸ್ಕ್ರಿಪ್ಟಿನಲ್ಲಿ ಅಂಕಿ ಕೊಟ್ಟವರದು. "ಒಂದು, ಒಂಬತ್ತು, ಮೂರು, ಸೊನ್ನೆ" ಅಂತ ಅಕ್ಷರದಲ್ಲೇ ಬರೆದುಕೊಡಬೇಕು, ಎರಡು ಸಲ ಹೇಳಿಸಬೇಕು, ಅಷ್ಟೂ ಹೊತ್ತು ನಂಬರ್ ಪರದೆಯ ಮೇಲೆ ನಿಂತಿರಬೇಕು. cybercrime.gov.in ವಿಳಾಸ ಮಾತ್ರ ಕಣ್ಣಿಗೆ. ಚುಕ್ಕಿ ಸಮೇತ ಓದಿಸಿದರೆ ನಾಲ್ಕೈದು ಸೆಕೆಂಡ್ ತಿನ್ನುತ್ತದೆ, ಯಾರಿಗೂ ನೆನಪಿರುವುದಿಲ್ಲ.

ಏಳನೇ ಸ್ಲೈಡಿನಲ್ಲಿ ದೂರು ಕೊಡಲು ಬೇಕಾದವುಗಳ ಪಟ್ಟಿ ಇತ್ತು: ದಿನಾಂಕ, ಮೊತ್ತ, ಖಾತೆ ಸಂಖ್ಯೆ, 12 ಅಂಕಿಯ ಯುಟಿಆರ್ ಅನ್ನುವ ವಹಿವಾಟಿನ ಸಂಖ್ಯೆ, ಮೋಸಗಾರನ ಯುಪಿಐ ಐಡಿ. ಪಟ್ಟಿಯನ್ನು ಓದಿಸಿದರೆ ಮೂರನೆಯದಕ್ಕೆ ಬರುವಾಗ ಮೊದಲನೆಯದು ಮರೆತಿರುತ್ತದೆ. ದನಿ ಯುಟಿಆರ್ ಒಂದನ್ನೇ ಹೇಳಿತು, ಯಾಕೆಂದರೆ ಅದು ಎಲ್ಲಿ ಸಿಗುತ್ತದೆ ಅನ್ನುವುದೇ ಜನರಿಗೆ ಗೊತ್ತಿರುವುದಿಲ್ಲ: "ಆ ಪೇಮೆಂಟ್ ತೆರೆದು ನೋಡಿ, ಹನ್ನೆರಡು ಅಂಕಿಯ ಯುಟಿಆರ್ ನಂಬರ್ ಅಲ್ಲೇ ಇರುತ್ತೆ." ಉಳಿದ ನಾಲ್ಕು ಪರದೆಯಲ್ಲಿ, "ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ" ಅನ್ನುವ ಮಾತಿನ ಜೊತೆ ಮೂರು ಸೆಕೆಂಡ್ ಅಲುಗದೆ ನಿಂತವು.

ರೆಕಾರ್ಡಿಂಗ್‌ನಲ್ಲಿ ಒಂದು ಮಾತು. ಸ್ಲೈಡಿಗೊಂದರಂತೆ ಎಂಟು ತುಂಡು ಓದಿಸಬೇಡಿ, ಪ್ರತಿ ತುಂಡಿನ ಕೊನೆಗೂ ದನಿ ಇಳಿದು ಎಂಟು ಸಲ ವಿಡಿಯೊ ಮುಗಿದ ಹಾಗೆ ಕೇಳಿಸುತ್ತದೆ. ಒಂದೇ ಓಟದಲ್ಲಿ ಓದಿಸಿ, ಚಿತ್ರವನ್ನು ಆ ದನಿಗೆ ಕತ್ತರಿಸಿ. ಅಳತೆಯೂ ಬೇರೆ: 1080×1350ರ ಸ್ಲೈಡನ್ನು 1080×1920ಕ್ಕೆ ಕೂರಿಸಿದರೆ ಮೇಲೆ ಕೆಳಗೆ ತಲಾ 285 ಪಿಕ್ಸೆಲ್ ಖಾಲಿ ಉಳಿಯುತ್ತದೆ. ಖಾಲಿ ಇದೆ ಅಂತ 1930 ಅನ್ನು ಕೆಳಗಿನ ಪಟ್ಟಿಗೆ ಇಳಿಸಿದರೆ ಆ್ಯಪ್ ತೋರಿಸುವ ಖಾತೆಯ ಹೆಸರು, ವಿವರದ ಸಾಲು ಅದರ ಮೇಲೆಯೇ ಬಂದು ಕೂರುತ್ತದೆ. ಲ್ಯಾಪ್‌ಟಾಪ್ ಪ್ರಿವ್ಯೂನಲ್ಲಿ ಇದು ಕಾಣುವುದಿಲ್ಲ, ಡ್ರಾಫ್ಟ್ ಆಗಿ ಫೋನಿಗೆ ಏರಿಸಿ ನೋಡಬೇಕು.

ಕೊಡುವ ಮುನ್ನ ಎರಡು ಸಲ ಓಡಿಸಿ. ಒಮ್ಮೆ ಪರದೆ ಮಗುಚಿ, ಒಮ್ಮೆ ದನಿ ಮುಚ್ಚಿ. ಪರದೆ ಮಗುಚಿದಾಗ "ಈ ಥರದ ಮೆಸೇಜ್ ಬಂದ್ರೆ" ಅನ್ನುವ ಸಾಲು ಸಿಕ್ಕಿಬಿತ್ತು. ಯಾವ ಥರದ್ದು ಅನ್ನುವುದು ಚಿತ್ರದಲ್ಲಿ ಮಾತ್ರ ಇತ್ತು. "ದುಡ್ಡು ಕಳಿಸ್ತೀನಿ, ಸ್ಕ್ಯಾನ್ ಮಾಡಿ ಅಂತ ಮೆಸೇಜ್ ಬಂದ್ರೆ" ಅಂತ ಆ ಒಂದು ಸಾಲು ಮತ್ತೆ ಓದಿಸಿ, ಅದೇ ಮೈಕಿನಲ್ಲಿ, ಅದೇ ದೂರದಲ್ಲಿ, ಹಿಂದಿನ ಮತ್ತು ಮುಂದಿನ ವಾಕ್ಯದ ಜೊತೆ ಸೇರಿಸಿ ಹೇಳಿಸಿ, ನಡುವಿನದನ್ನು ಮಾತ್ರ ಕೂರಿಸಿದೆವು.