ಪ್ಯಾನ್ ಟೇಬಲ್: ಸ್ಪ್ಲಿಟ್ ಗಿಯರ್ ಕೂರಿಸಿದ್ದಾಯ್ತು, ಈಗ ಸ್ಪ್ರಿಂಗ್ ಲೆಕ್ಕ

ಗಿಯರ್ ಹಲ್ಲುಗಳ ನಡುವಿನ ಸಡಿಲ ಹೋಗಲಿ ಅಂತ ಕ್ಯಾಮೆರಾ ತಿರುಗಿಸುವ ಟೇಬಲ್‌ಗೆ ಸ್ಪ್ಲಿಟ್ ಗಿಯರ್ ಹಾಕಿದೆ. ಮೋಟರ್ ತೆಳು ಸ್ಟೆಪರ್. ಅದರ ಶಾಫ್ಟ್ ಮೇಲಿನ ಚಿಕ್ಕ ಗಿಯರ್, ಅಂದರೆ ಪಿನಿಯನ್‌ಗೆ 20 ಹಲ್ಲು, ದೊಡ್ಡ ಗಿಯರ್‌ಗೆ 120. ಎರಡೂ 0.5 ಮಾಡ್ಯೂಲ್.

ಹಳೆಯ ಗಿಯರ್ ಇದ್ದಾಗ ಟೇಬಲ್ ಮೇಲೆ ಲೇಸರ್ ಕಟ್ಟಿ, 3 ಮೀಟರ್ ದೂರದ ಗೋಡೆಗೆ ಬಿಟ್ಟು ನೋಡಿದ್ದೆ. ಒಂದೇ ಜಾಗಕ್ಕೆ ಎಡದಿಂದ ತಂದರೆ ಒಂದು ಕಡೆ ಚುಕ್ಕೆ, ಬಲದಿಂದ ತಂದರೆ 10 ಮಿ.ಮೀ. ಆಚೆ. ದೊಡ್ಡ ಗಿಯರ್‌ನ ಪಿಚ್ ತ್ರಿಜ್ಯ 30 ಮಿ.ಮೀ. ಹಾಗಾಗಿ ಹಲ್ಲಿನ ಸಂದಿಯಲ್ಲಿ ಇದ್ದ ಸಡಿಲ ಬರೀ 0.1 ಮಿ.ಮೀ. ಅಷ್ಟೇ!

ಹೊಸ ಗಿಯರ್ ಎರಡು ಬಿಲ್ಲೆ. ಒಂದು ಶಾಫ್ಟ್‌ಗೆ ಬಿಗಿ, ಇನ್ನೊಂದು ಅದರ ಮೇಲೆ ಸಲೀಸಾಗಿ ತಿರುಗುತ್ತದೆ. ನಡುವೆ ಎರಡು ಎಳೆಯುವ ಸ್ಪ್ರಿಂಗ್, ಕೇಂದ್ರದಿಂದ 18 ಮಿ.ಮೀ. ದೂರದಲ್ಲಿ. ಬಿಲ್ಲೆಗಳನ್ನು ಕೆಲವು ಹಲ್ಲು ಸರಿಸಿ, ಪಿನ್ ತೂರಿಸಿ ಹಿಡಿದು, ಪಿನಿಯನ್‌ಗೆ ಕಚ್ಚಿಸಿದ ಮೇಲೆ ಪಿನ್ ತೆಗೆಯಬೇಕು. ಆಗ ಪಿನಿಯನ್ ಹಲ್ಲನ್ನು ಎರಡು ಬಿಲ್ಲೆಗಳೂ ಎದುರುಬದುರು ಬದಿಯಿಂದ ಒತ್ತಿ ಹಿಡಿಯುತ್ತವೆ.

ಎಷ್ಟು ಹಲ್ಲು ಸರಿಸಬೇಕು ಅನ್ನೋದೇ ಇಲ್ಲಿ ಮುಖ್ಯ. ಒಂದು ಹಲ್ಲು ಅಂದರೆ 3 ಡಿಗ್ರಿ, ಸ್ಪ್ರಿಂಗ್ ಸುಮಾರು 0.94 ಮಿ.ಮೀ. ಹಿಗ್ಗುತ್ತದೆ. ನನ್ನ ಸ್ಪ್ರಿಂಗ್ ಮಿಲಿಮೀಟರ್‌ಗೆ 1 ನ್ಯೂಟನ್ ಎಳೆಯುತ್ತದೆ. ಎರಡೂ ಸೇರಿ ಒಂದು ಹಲ್ಲಿಗೆ 34 ನ್ಯೂಟನ್-ಮಿ.ಮೀ. ಟಾರ್ಕ್. ಟೇಬಲ್‌ನ ಘರ್ಷಣೆಗೆ 25 ಬೇಕು, ಜೋರಾಗಿ ಹೊರಡಿಸಿದರೆ ಇನ್ನೊಂದು 25. ಒಟ್ಟು 50.

ಒಂದು ಹಲ್ಲು ಸರಿಸಿ ನೋಡಿದೆ. ನಿಧಾನಕ್ಕೆ ತಿರುಗಿದರೆ ಏನೂ ತೊಂದರೆಯಿಲ್ಲ. ಜೋರಾಗಿ ಹೊರಟರೆ ಮಾತ್ರ ಟೇಬಲ್ ಕ್ಷಣಕಾಲ ಹಿಂದೆ ಉಳಿದು, 'ಟಿಕ್' ಅಂತ ಜಗ್ಗಿ ಬರುತ್ತಿತ್ತು, ಅದೂ ಒಂದೇ ದಿಕ್ಕಿನಲ್ಲಿ. ಆ ದಿಕ್ಕಿನಲ್ಲಿ ಬಲ ಸಾಗುವುದು ಸ್ಪ್ರಿಂಗ್ ಮೂಲಕ. ಹೊರೆ ಸ್ಪ್ರಿಂಗ್‌ಗಿಂತ ಹೆಚ್ಚಾದರೆ ಬಿಗಿ ಬಿಲ್ಲೆಯ ಹಲ್ಲು ಪಿನಿಯನ್ ಬಿಟ್ಟು ಏಳುತ್ತದೆ. ಹೊರೆ ಅದಕ್ಕಿಂತ ಕಡಿಮೆ ಇರುವವರೆಗೆ ಆ ಹಲ್ಲು ಅಂಟಿಕೊಂಡೇ ಇರುತ್ತದೆ, ಸ್ಪ್ರಿಂಗ್‌ನ ಮೆದುತನ ಟೇಬಲ್‌ಗೆ ತಟ್ಟುವುದಿಲ್ಲ. ನನಗೆ ಈ ಗಿಯರ್‌ನಲ್ಲಿ ತುಂಬಾ ಇಷ್ಟವಾದ ಗುಣ ಇದೇ.

ಎರಡು ಹಲ್ಲಿಗೆ 68. ಟಿಕ್ ನಿಂತಿತು, ಗೋಡೆ ಮೇಲಿನ ಅಂತರ 1 ಮಿ.ಮೀ.ಗೆ ಇಳಿಯಿತು. ಮೂರು ಹಲ್ಲಿಗೆ ಅದು ಮತ್ತೆ ಒಂದೂವರೆಗೆ ಏರಿತು. ಸ್ಪ್ರಿಂಗ್ ಒತ್ತಡ ಪಿನಿಯನ್ ಮೇಲೆ ಎರಡೂ ಕಡೆಯಿಂದ ಸಮವಾಗಿ ಬೀಳುವುದರಿಂದ ಅದು ಮೋಟರ್‌ನ್ನು ತಿರುಗಿಸುವುದಿಲ್ಲ, ಆದರೆ ಹಲ್ಲುಗಳ ತಿಕ್ಕಾಟ ಜಾಸ್ತಿ ಆಗುತ್ತದೆ. ಆ ತಿಕ್ಕಾಟಕ್ಕೆ ಸ್ಟೆಪರ್‌ನ ರೋಟರ್ ತನ್ನ ಜಾಗದಿಂದ ಚೂರು ಹಿಂದೆ ಉಳಿಯುತ್ತದೆ, ಎಡಕ್ಕೆ ಹೋಗುವಾಗ ಒಂದು ಕಡೆ, ಬಲಕ್ಕೆ ಇನ್ನೊಂದು ಕಡೆ.

ಉಳಿದ 1 ಮಿ.ಮೀ. ಕೂಡ ಇದೇ, ಗಿಯರ್ ಸಡಿಲ ಅಲ್ಲ. ಮೋಟರ್‌ಗೆ ಕರೆಂಟ್ ಕೊಟ್ಟು ಟೇಬಲ್ ಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರೆ ಗೊತ್ತಾಗುತ್ತದೆ. ಸಡಿಲ ಇದ್ದರೆ ಮೊದಲು ಸುಮ್ನೆ ಜಾರಿ, ಆಮೇಲೆ ತಡೆಯುತ್ತದೆ. ಇದು ಮೊದಲಿಂದಲೇ ತಡೆಯುತ್ತದೆ, ಒತ್ತಿದಷ್ಟೇ ಬಾಗುತ್ತದೆ.

ಎರಡು ಹಲ್ಲಿಗೇ ಬಿಟ್ಟಿದ್ದೇನೆ. ಮುಂದೆ ಟೇಬಲ್ ಬೇರಿಂಗ್‌ನ ದಪ್ಪ ಗ್ರೀಸ್ ತೊಳೆದು ತೆಳು ಎಣ್ಣೆ ಹಾಕಿ ಮತ್ತೆ ಅಳೆಯುತ್ತೇನೆ.